ಮೊಸರು, ಇಡ್ಲಿ ಹಿಟ್ಟು, ಉಪ್ಪಿನಕಾಯಿ: ಲ್ಯಾಕ್ಟಿಕ್ ಆಸಿಡ್ ಹುದುಗುವಿಕೆಯ ಉತ್ತರವನ್ನು ಹಂತ ಹಂತವಾಗಿ ಕಟ್ಟುವುದು ಹೇಗೆ

ಮೊಸರು, ಇಡ್ಲಿ ಹಿಟ್ಟು, ಉಪ್ಪಿನಕಾಯಿಯಲ್ಲಿ ಲ್ಯಾಕ್ಟಿಕ್ ಆಸಿಡ್ ಹುದುಗುವಿಕೆ ಹೇಗೆ ನಡೆಯುತ್ತದೆ? ಆಹಾರ ಮೈಕ್ರೋಬಯಾಲಜಿ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಉತ್ತರವೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ: "ಲ್ಯಾಕ್ಟೋಬ್ಯಾಸಿಲಸ್ ಸಕ್ಕರೆಯನ್ನು ಲ್ಯಾಕ್ಟಿಕ್ ಆಸಿಡ್ ಆಗಿ ಬದಲಾಯಿಸುತ್ತದೆ, ಅದರಿಂದ ಹುಳಿ ಬರುತ್ತದೆ." ಮೊಸರಿಗೂ ಇದೇ ಸಾಲು, ಇಡ್ಲಿಗೂ ಇದೇ, ಉಪ್ಪಿನಕಾಯಿಗೂ ಇದೇ. ಸಾಲು ಸುಳ್ಳಲ್ಲ. ಆದರೆ ಪ್ರಶ್ನೆ ಕೇಳಿದ್ದಕ್ಕೆ ಅದು ಉತ್ತರವಲ್ಲ. ಹಾಲು ಯಾಕೆ ಗಟ್ಟಿಯಾಯಿತು, ಹಿಟ್ಟು ಯಾಕೆ ಉಬ್ಬಿತು, ಎಲೆಕೋಸು ಯಾಕೆ ಕೊಳೆಯಲಿಲ್ಲ ಎನ್ನುವುದು ಅದರಲ್ಲಿ ಎಲ್ಲೂ ಇಲ್ಲ.

ಪ್ರತಿ ಪದಾರ್ಥಕ್ಕೂ ನಾಲ್ಕು ವಿಷಯ ಇದೇ ಕ್ರಮದಲ್ಲಿ ಬರಬೇಕು: ಸಕ್ಕರೆ ಎಲ್ಲಿಂದ ಬಂತು, ಬ್ಯಾಕ್ಟೀರಿಯಾ ಎಲ್ಲಿಂದ ಬಂತು, ಅದು ಯಾವ ದಾರಿಯಲ್ಲಿ ಸಕ್ಕರೆ ಒಡೆಯಿತು, ಹುಟ್ಟಿದ ಆಸಿಡ್ ಅಥವಾ ಗ್ಯಾಸ್ ಆ ಪದಾರ್ಥದಲ್ಲಿ ಏನು ಮಾಡಿತು. ಕೆಳಗಿನ ಹಂತಗಳೆಲ್ಲ ಈ ನಾಲ್ಕರ ಸುತ್ತಲೇ ಇವೆ.

## ಮೊದಲು ಏನೇನು ಬೇಕು

ಓದಿದ್ದನ್ನು ಕಣ್ಣಾರೆ ನೋಡಲು ಹೆಚ್ಚು ಸಾಮಾನು ಬೇಡ. 3ರಿಂದ 7ರವರೆಗೆ ತೋರಿಸುವ ಪಿಎಚ್ ಪೇಪರ್, ಒಂದು ಥರ್ಮಾಮೀಟರ್, ಗ್ರಾಂ ತೂಗುವ ತಕ್ಕಡಿ, ಗೆರೆ ಹಾಕಿದ ಗಾಜಿನ ಜಾಡಿ ಸಾಕು. ಆಮ್ಲೀಯತೆ ಅಳೆಯಲು ಕಾಲೇಜಿನ ಲ್ಯಾಬ್‌ನಲ್ಲಿ ಬ್ಯೂರೆಟ್, 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್, ಫಿನಾಲ್ಫ್ತಲೀನ್ ಇದ್ದೇ ಇರುತ್ತವೆ.

## ಹಂತ 1: ಹುದುಗುವಿಕೆ ಎಂದರೇನು ಎನ್ನುವುದನ್ನು ಸರಿಯಾಗಿ ಬರೆಯಿರಿ

ಹೆಚ್ಚಿನವರು ಮೊದಲ ಸಾಲಲ್ಲೇ "ಆಮ್ಲಜನಕ ಇಲ್ಲದಾಗ ನಡೆಯುವ ಉಸಿರಾಟ" ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಉಸಿರಾಟ ಬೇರೆ, ಹುದುಗುವಿಕೆ ಬೇರೆ. ಉಸಿರಾಟದಲ್ಲಿ ಎಲೆಕ್ಟ್ರಾನ್ ಸಾಗಣೆ ಸರಪಳಿ ಇರುತ್ತದೆ. ಹುದುಗುವಿಕೆಯಲ್ಲಿ ಆ ಸರಪಳಿ ಬಳಕೆಯಾಗುವುದಿಲ್ಲ.

ನಡೆಯುವುದು ಇಷ್ಟು. ಗ್ಲೂಕೋಸ್ ಒಡೆದು ಪೈರುವೇಟ್ ಆಗುವಾಗ ಕೋಶಕ್ಕೆ ಸ್ವಲ್ಪ ಎಟಿಪಿ ಸಿಗುತ್ತದೆ. ಅದೇ ಹೊತ್ತಿಗೆ ಎನ್‌ಎಡಿ ಎಲ್ಲ ಎನ್‌ಎಡಿಎಚ್ ಆಗಿಬಿಡುತ್ತದೆ. ಎನ್‌ಎಡಿ ಖಾಲಿಯಾದರೆ ಮುಂದಿನ ಗ್ಲೂಕೋಸ್ ಒಡೆಯಲು ಆಗುವುದಿಲ್ಲ. ಆಗ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಎಂಬ ಎನ್‌ಜೈಮ್ ಎನ್‌ಎಡಿಎಚ್‌ನ ಎಲೆಕ್ಟ್ರಾನ್‌ಗಳನ್ನು ಪೈರುವೇಟ್‌ಗೆ ಕೊಡುತ್ತದೆ. ಪೈರುವೇಟ್ ಲ್ಯಾಕ್ಟಿಕ್ ಆಸಿಡ್ ಆಗುತ್ತದೆ, ಎನ್‌ಎಡಿ ಮತ್ತೆ ಕೈಗೆ ಬರುತ್ತದೆ. ಅಂದರೆ ಬ್ಯಾಕ್ಟೀರಿಯಾ ಆಸಿಡ್ ಮಾಡುವುದು ಎನ್‌ಎಡಿ ವಾಪಸ್ ಪಡೆಯಲು. "ಎನ್‌ಎಡಿ ಮರಳಿ ಸಿಗುವುದು" ಎನ್ನುವ ಮಾತು ಉತ್ತರದಲ್ಲಿ ಇರಲೇಬೇಕು.

ಇನ್ನೊಂದು ವಿಷಯ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಗಾಳಿ ಸೋಕಿದರೆ ಸಾಯುವ ಜೀವಿಗಳಲ್ಲ. ಗಾಳಿಯನ್ನು ಸಹಿಸಿಕೊಳ್ಳುತ್ತವೆ, ಆದರೆ ಬೆಳೆಯಲು ಅದು ಬೇಕಾಗಿಲ್ಲ. ಗ್ರಾಂ ಪಾಸಿಟಿವ್, ಬೀಜಕಣ ಕಟ್ಟುವುದಿಲ್ಲ, ಸಾಮಾನ್ಯವಾಗಿ ಕ್ಯಾಟಲೇಸ್ ನೆಗೆಟಿವ್. ಗುಂಪಿನ ಲಕ್ಷಣ ಕೇಳಿದರೆ ಇಷ್ಟು ಬರೆದು ಮುಂದೆ ಹೋಗಿ.

## ಹಂತ 2: ಎರಡು ದಾರಿಗಳನ್ನು ಬೇರೆ ಮಾಡಿ

ಇಡೀ ಉತ್ತರ ನಿಂತಿರುವುದು ಇಲ್ಲಿ. ಹೋಮೋಫರ್ಮೆಂಟೇಟಿವ್ ಬ್ಯಾಕ್ಟೀರಿಯಾ ಗ್ಲೈಕಾಲಿಸಿಸ್ ದಾರಿಯಲ್ಲಿ ಹೋಗುತ್ತದೆ. ಇದರ ಮುಖ್ಯ ಎನ್‌ಜೈಮ್ ಆಲ್ಡೋಲೇಸ್. ಒಂದು ಗ್ಲೂಕೋಸ್‌ನಿಂದ ಎರಡು ಲ್ಯಾಕ್ಟಿಕ್ ಆಸಿಡ್, ನಿವ್ವಳ 2 ಎಟಿಪಿ. ಗ್ಯಾಸ್ ಇಲ್ಲ.

```
C6H12O6 → 2 CH3CHOHCOOH
```

ಹೆಟೆರೋಫರ್ಮೆಂಟೇಟಿವ್ ಬ್ಯಾಕ್ಟೀರಿಯಾದಲ್ಲಿ ಆಲ್ಡೋಲೇಸ್ ಕೆಲಸ ಇಲ್ಲ. ಅದು ಫಾಸ್ಫೋಕೀಟೊಲೇಸ್ ದಾರಿ ಹಿಡಿಯುತ್ತದೆ. ಆರು ಇಂಗಾಲದ ಸಕ್ಕರೆಯಿಂದ ಮೊದಲು ಒಂದು ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಗೆ ಹೋಗುತ್ತದೆ. ಉಳಿದ ಐದು ಇಂಗಾಲ ಮೂರು ಮತ್ತು ಎರಡಾಗಿ ಒಡೆಯುತ್ತದೆ. ಮೂರರದ್ದು ಲ್ಯಾಕ್ಟಿಕ್ ಆಸಿಡ್, ಎರಡರದ್ದು ಎಥನಾಲ್. ನಿವ್ವಳ 1 ಎಟಿಪಿ ಮಾತ್ರ.

```
C6H12O6 → CH3CHOHCOOH + C2H5OH + CO2
```

ಬರೆದ ಮೇಲೆ ಇಂಗಾಲ ಎಣಿಸಿ: 3 + 2 + 1 = 6. ಗಡಿಬಿಡಿಯಲ್ಲಿ ಎರಡೂ ಸಮೀಕರಣ ಕಲಸಿಹೋಗಿದ್ದರೆ ಇಲ್ಲೇ ಗೊತ್ತಾಗುತ್ತದೆ. ಮುಂದೆ ಹಿಟ್ಟು ಉಬ್ಬುವುದು, ಎಲೆಕೋಸಿನ ಜಾಡಿಯಲ್ಲಿ ಗುಳ್ಳೆ ಏಳುವುದು ಎರಡಕ್ಕೂ ಈ ಎರಡನೇ ಸಮೀಕರಣವೇ ಕಾರಣ. ಮೊಸರು ಗ್ಯಾಸ್ ಇಲ್ಲದೆ ನುಣ್ಣಗೆ ಕೂರುವುದಕ್ಕೆ ಮೊದಲನೆಯದು ಕಾರಣ.

## ಹಂತ 3: ಮೊಸರು, ಅಂದರೆ ಪ್ರೋಟೀನ್ ಗಟ್ಟಿಯಾಗುವ ಕತೆ

ಕ್ರಮ ಹೀಗಿರಲಿ: ಕಾಯಿಸುವುದು, ಆರಿಸುವುದು, ಹೆಪ್ಪು ಹಾಕುವುದು, ಅಲುಗಾಡಿಸದೆ ಇಡುವುದು, ತಣ್ಣಗೆ ಮಾಡುವುದು. ಪ್ರತಿ ಹೆಜ್ಜೆಗೂ ಕಾರಣ ಬರೆಯಬೇಕು.

ಹಾಲನ್ನು 85 ಡಿಗ್ರಿಯಲ್ಲಿ 30 ನಿಮಿಷ, ಇಲ್ಲವೇ 90ರಿಂದ 95 ಡಿಗ್ರಿಯಲ್ಲಿ 5 ನಿಮಿಷ ಕಾಯಿಸುತ್ತಾರೆ. "ಕೆಟ್ಟ ಬ್ಯಾಕ್ಟೀರಿಯಾ ಸಾಯಲಿ ಅಂತ" ಎಂದಷ್ಟೇ ಬರೆದರೆ ಅರ್ಧ ಉತ್ತರ. ಈ ಬಿಸಿಗೆ ಹಾಲಿನ ನೀರಿನಲ್ಲಿರುವ ಬೀಟಾ ಲ್ಯಾಕ್ಟೋಗ್ಲೋಬ್ಯುಲಿನ್ ಪ್ರೋಟೀನ್ ಬಿಚ್ಚಿಕೊಂಡು ಕೇಸೀನ್‌ಗೆ ಅಂಟಿಕೊಳ್ಳುತ್ತದೆ. ಅಂಥ ಹಾಲಿನ ಮೊಸರು ಗಟ್ಟಿ, ನೀರು ಬಿಡುವುದು ಕಡಿಮೆ. ಕರಗಿದ ಆಮ್ಲಜನಕವೂ ಹೊರಗೆ ಹೋಗುವುದರಿಂದ ಹೆಪ್ಪಿನ ಬ್ಯಾಕ್ಟೀರಿಯಾ ಬೇಗ ಶುರುವಾಗುತ್ತವೆ.

ಯೋಗರ್ಟ್ ಮತ್ತು ನಮ್ಮ ಮೊಸರನ್ನು ಒಂದೇ ಎಂದು ಬರೆಯಬೇಡಿ. ಯೋಗರ್ಟ್‌ಗೆ ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಮತ್ತು ಲ್ಯಾಕ್ಟೋಬ್ಯಾಸಿಲಸ್ ಡೆಲ್‌ಬ್ರೂಕಿಯ ಉಪಪ್ರಭೇದ ಬಲ್ಗೇರಿಕಸ್ ಎಂಬ ಜೋಡಿ ಬೇಕು. ಉಷ್ಣತೆ 42ರಿಂದ 45 ಡಿಗ್ರಿ. ಮೊದಲನೆಯದು ಫಾರ್ಮಿಕ್ ಆಸಿಡ್ ಮತ್ತು ಕಾರ್ಬನ್ ಡೈಆಕ್ಸೈಡ್ ಕೊಟ್ಟು ಎರಡನೆಯದನ್ನು ಬೆಳೆಸುತ್ತದೆ. ಎರಡನೆಯದು ಕೇಸೀನ್ ಒಡೆದು ಪೆಪ್ಟೈಡ್, ಅಮೈನೋ ಆಸಿಡ್ ಕೊಟ್ಟು ಮೊದಲನೆಯದನ್ನು ಸಾಕುತ್ತದೆ. ಪರೀಕ್ಷೆಯಲ್ಲಿ ಪರಸ್ಪರ ಸಹಕಾರಕ್ಕೆ ಕೇಳುವ ಉದಾಹರಣೆ ಇದು.

ನಮ್ಮ ಮೊಸರು, ಅಂದರೆ ದಹಿಯ ಕಲ್ಚರ್‌ನಲ್ಲಿ ಮುಖ್ಯವಾಗಿ ಇರುವುದು ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್ ಮತ್ತು ಅದರ ಬಳಗ, ಜೊತೆಗೆ ಲ್ಯೂಕೊನಾಸ್ಟಾಕ್. ಇವಕ್ಕೆ 25ರಿಂದ 30 ಡಿಗ್ರಿ ಸಾಕು. ಮನೆಯ ಹೆಪ್ಪು ಮಾತ್ರ ಮಿಶ್ರ ಕಲ್ಚರ್. ಅದರಲ್ಲಿ ಈ ಎರಡೂ ಗುಂಪು ಇರಬಹುದು. ಪರಿಮಳದಲ್ಲೂ ವ್ಯತ್ಯಾಸವಿದೆ. ಯೋಗರ್ಟ್‌ನ ವಾಸನೆಗೆ ಅಸಿಟಾಲ್ಡಿಹೈಡ್ ಮುಖ್ಯ, ದಹಿಯ ಬೆಣ್ಣೆಯಂಥ ವಾಸನೆಗೆ ಹಾಲಿನ ಸಿಟ್ರೇಟ್‌ನಿಂದ ಹುಟ್ಟುವ ಡೈಅಸಿಟೈಲ್ ಮುಖ್ಯ.

ಈಗ ಗಟ್ಟಿಯಾಗುವ ವಿಷಯ. ಹಾಲಿನ ಪಿಎಚ್ ಸುಮಾರು 6.6. ಆಗ ಕೇಸೀನ್ ಕಣಗಳ ಮೇಲೆ ನೆಗೆಟಿವ್ ಚಾರ್ಜ್ ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಆಸಿಡ್ ಹೆಚ್ಚಿದಂತೆ ಕಣದೊಳಗಿನ ಕ್ಯಾಲ್ಸಿಯಂ ಫಾಸ್ಫೇಟ್ ಕರಗಿ ಹೊರಬರುತ್ತದೆ, ಚಾರ್ಜ್ ಇಳಿಯುತ್ತದೆ. ಪಿಎಚ್ 4.6ಕ್ಕೆ ಬಂದಾಗ ಕೇಸೀನ್‌ನ ಒಟ್ಟು ಚಾರ್ಜ್ ಸೊನ್ನೆ. ಇದೇ ಐಸೋಎಲೆಕ್ಟ್ರಿಕ್ ಬಿಂದು. ಕಣಗಳು ಒಂದಕ್ಕೊಂದು ಅಂಟಿ ಬಲೆ ಕಟ್ಟುತ್ತವೆ, ಆ ಬಲೆಯಲ್ಲಿ ನೀರು ಸಿಕ್ಕಿಕೊಳ್ಳುತ್ತದೆ. ಚೆನ್ನಾಗಿ ಕೂತ ಮೊಸರಿಗೆ ಚಮಚ ಹಾಕಿ ಒಂದು ತುಂಡು ಎತ್ತಿ ನೋಡಿ. ಅಂಚು ಚಾಕುವಿನಲ್ಲಿ ಕೊಯ್ದ ಹಾಗೆ ನಿಲ್ಲುತ್ತದೆ. ಸ್ವಲ್ಪ ಹೊತ್ತಿನಲ್ಲಿ ಆ ಗುಳಿಯಲ್ಲಿ ತಿಳಿ ಹಸಿರು-ಹಳದಿ ನೀರು ತುಂಬಿಕೊಳ್ಳುತ್ತದೆ. ಹರಿದ ಬಲೆಯಿಂದ ಸೋರಿದ ನೀರು ಅದು. ಹೆಪ್ಪು ಹಾಕಿದ ಪಾತ್ರೆಯನ್ನು ನಡುವೆ ಅಲುಗಾಡಿಸಬಾರದು ಎನ್ನುವುದಕ್ಕೆ ಕಾರಣವೂ ಇದೇ ಬಲೆ.

ಎಚ್ಚರಿಕೆಯ ಗುರುತುಗಳು ಮೂರು. ಲೋಳೆಯಾಗಿ ಎಳೆ ಎಳೆ ಬಂದರೆ ಬ್ಯಾಕ್ಟೀರಿಯಾ ಪಾಲಿಸ್ಯಾಕರೈಡ್ ಬಿಟ್ಟಿದೆ. ಮೊಸರಿನ ನಡುವೆ ಗುಳ್ಳೆ, ಬಿರುಕು, ಕೆಟ್ಟ ವಾಸನೆ ಇದ್ದರೆ ಕೋಲಿಫಾರ್ಮ್ ಅಥವಾ ಯೀಸ್ಟ್ ಸೇರಿದೆ. ಹೊತ್ತಾದರೂ ಹಾಲು ಹಾಲಾಗಿಯೇ ಇದ್ದರೆ ಬಿಸಿ ಹಾಲಿಗೇ ಹೆಪ್ಪು ಹಾಕಿರಬಹುದು, ಅಥವಾ ಹಾಲಿನಲ್ಲಿ ಆಂಟಿಬಯಾಟಿಕ್ ಉಳಿಕೆ ಇರಬಹುದು, ಇಲ್ಲವೇ ಹೆಪ್ಪಿನ ಬ್ಯಾಕ್ಟೀರಿಯಾಕ್ಕೆ ಫೇಜ್ ವೈರಸ್ ತಗಲಿರಬಹುದು. ಡೈರಿಯ ಪ್ರಶ್ನೆಯಾದರೆ ಕೊನೆಯ ಎರಡನ್ನು ಬಿಡಬೇಡಿ.

## ಹಂತ 4: ಮೊಸರಿನ ಆಮ್ಲೀಯತೆ ಲೆಕ್ಕ ಹಾಕಿ

ಪಿಎಚ್ ಮತ್ತು ಟೈಟ್ರೇಟಬಲ್ ಆಮ್ಲೀಯತೆ ಒಂದೇ ಅಲ್ಲ. ಪಿಎಚ್ ಎಂದರೆ ಬಿಡಿಯಾಗಿರುವ ಹೈಡ್ರೋಜನ್ ಅಯಾನಿನ ಅಳತೆ. ಟೈಟ್ರೇಷನ್ ಒಟ್ಟು ಆಮ್ಲ ಎಷ್ಟಿದೆ ಎಂದು ಹೇಳುತ್ತದೆ.

10 ಗ್ರಾಂ ಮೊಸರು ತೂಗಿ. ಗಂಟಿಲ್ಲದಂತೆ ಕಲಸಿ. ಅಷ್ಟೇ ಡಿಸ್ಟಿಲ್ಡ್ ನೀರು, ಕೆಲವು ಹನಿ ಫಿನಾಲ್ಫ್ತಲೀನ್ ಹಾಕಿ. ಬ್ಯೂರೆಟ್‌ನಿಂದ 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಹನಿ ಹನಿಯಾಗಿ ಬಿಡಿ. ತಿಳಿ ಗುಲಾಬಿ ಬಣ್ಣ 30 ಸೆಕೆಂಡ್ ನಿಂತರೆ ಅದೇ ಕೊನೆಯ ಬಿಂದು. ಗಾಢ ಗುಲಾಬಿ ಬರುವವರೆಗೂ ಬಿಟ್ಟರೆ ಲೆಕ್ಕ ಜಾಸ್ತಿ ಬರುತ್ತದೆ. ಲ್ಯಾಬ್‌ನಲ್ಲಿ ಹೆಚ್ಚಿನ ತಪ್ಪು ಆಗುವುದು ಇಲ್ಲೇ.

8.0 ಮಿ.ಲೀ. ಖರ್ಚಾಯಿತು ಎಂದುಕೊಳ್ಳಿ.

```
% ಲ್ಯಾಕ್ಟಿಕ್ ಆಸಿಡ್ = (V × N × 9) / W
                  = (8.0 × 0.1 × 9) / 10
                  = 0.72
```

ಲ್ಯಾಕ್ಟಿಕ್ ಆಸಿಡ್‌ನ ಸಮಾನ ತೂಕ 90 ಆದ್ದರಿಂದ ಆ 9 ಬಂದಿದೆ. ಉತ್ತರ ಶೇ. 0.72. ಒಳ್ಳೆಯ ಮೊಸರಿಗೆ ಇದು ಸರಿಯಾದ ಅಂಕೆ.

ಹುದುಗದ ತಾಜಾ ಹಾಲನ್ನೇ ಟೈಟ್ರೇಟ್ ಮಾಡಿದರೂ ಸುಮಾರು ಶೇ. 0.14 ಬರುತ್ತದೆ. ಅದು ಲ್ಯಾಕ್ಟಿಕ್ ಆಸಿಡ್ ಅಲ್ಲ. ಕೇಸೀನ್, ಫಾಸ್ಫೇಟ್, ಸಿಟ್ರೇಟ್ ಮುಂತಾದವು ಕ್ಷಾರವನ್ನು ಹೀರಿಕೊಳ್ಳುವುದರಿಂದ ಹಾಗೆ ಕಾಣುತ್ತದೆ. ಆದ್ದರಿಂದ ಹುದುಗಿ ಹುಟ್ಟಿದ ಆಸಿಡ್ 0.72ರಲ್ಲಿ 0.14 ಕಳೆದರೆ ಸಿಗುವ 0.58 ಮಾತ್ರ.

ಇದಕ್ಕೆ ಎಷ್ಟು ಲ್ಯಾಕ್ಟೋಸ್ ಖರ್ಚಾಯಿತು? ಒಂದು ಲ್ಯಾಕ್ಟೋಸ್‌ನಲ್ಲಿ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಎರಡೂ ಇವೆ. ಎರಡನ್ನೂ ಬಳಸಿದರೆ 342 ಗ್ರಾಂ ಲ್ಯಾಕ್ಟೋಸ್‌ನಿಂದ 360 ಗ್ರಾಂ ಆಸಿಡ್. ಆಗ 100 ಗ್ರಾಂ ಮೊಸರಿನಲ್ಲಿ ಖರ್ಚಾದದ್ದು ಸುಮಾರು 0.55 ಗ್ರಾಂ. ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಹೆಚ್ಚಾಗಿ ಗ್ಲೂಕೋಸ್ ಮಾತ್ರ ಬಳಸಿ ಗ್ಯಾಲಕ್ಟೋಸ್ ಹೊರಗೆ ಬಿಡುತ್ತದೆ. ಆಗ ಸುಮಾರು 1.1 ಗ್ರಾಂ. ಹಾಲಿನಲ್ಲಿ ಇರುವುದು ಸುಮಾರು 4.8 ಗ್ರಾಂ. ಅಂದರೆ ಎರಡೂ ಲೆಕ್ಕದಲ್ಲಿ ಹೆಚ್ಚಿನ ಲ್ಯಾಕ್ಟೋಸ್ ಹಾಗೇ ಉಳಿದಿದೆ. "ಮೊಸರಿನಲ್ಲಿ ಲ್ಯಾಕ್ಟೋಸ್ ಇರುವುದಿಲ್ಲ" ಎಂದು ಬರೆಯುವವರು ಈ ಲೆಕ್ಕ ಒಮ್ಮೆ ಮಾಡಿ ನೋಡಬೇಕು.

## ಹಂತ 5: ಇಡ್ಲಿ ಹಿಟ್ಟು, ಅಂದರೆ ಗ್ಯಾಸ್ ಮತ್ತು ಅದನ್ನು ಹಿಡಿಯುವ ನೊರೆ

ಅತಿ ಹೆಚ್ಚು ತಪ್ಪು ಬರುವ ಭಾಗ ಇದು. "ಯೀಸ್ಟ್ ಇಡ್ಲಿಯನ್ನು ಉಬ್ಬಿಸುತ್ತದೆ" ಎನ್ನುವುದು ಬ್ರೆಡ್‌ನಿಂದ ತಂದು ಇಲ್ಲಿ ಹಾಕಿದ ಉತ್ತರ. 1965ರಲ್ಲಿ ಮುಖರ್ಜಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಉಬ್ಬುವಿಕೆಗೆ ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಲ್ಯಾಕ್ಟಿಕ್ ಬ್ಯಾಕ್ಟೀರಿಯಾವೇ ಕಾರಣ ಎಂದು ತೋರಿಸಿತು. ಕೆಲವು ಹಿಟ್ಟಿನಲ್ಲಿ ಯೀಸ್ಟ್ ಸಿಗುತ್ತದೆ, ಪರಿಮಳಕ್ಕೆ ನೆರವೂ ಆಗಬಹುದು. ಆದರೆ ಮುಖ್ಯ ಕೆಲಸ ಅದರದ್ದಲ್ಲ. ಉತ್ತರದಲ್ಲಿ ಹೀಗೇ ಬರೆಯಿರಿ.

ನೆನೆಸುವುದು. ಅಕ್ಕಿ ಮತ್ತು ಉದ್ದಿನಬೇಳೆಯನ್ನು ಬೇರೆ ಬೇರೆ ನೆನೆಸುತ್ತಾರೆ. ಮೂರಕ್ಕೆ ಒಂದು ಎನ್ನುವ ಅಳತೆ ಹೆಚ್ಚು ಬಳಕೆಯಲ್ಲಿದೆ, ಎರಡಕ್ಕೆ ಒಂದರಿಂದ ನಾಲ್ಕಕ್ಕೆ ಒಂದರವರೆಗೂ ನಡೆಯುತ್ತದೆ. ಕಾಳು ನೀರು ಕುಡಿಯುವಾಗಲೇ ಬ್ಯಾಕ್ಟೀರಿಯಾ ಹೆಚ್ಚಾಗಲು ಶುರುವಾಗುತ್ತವೆ. ಇಲ್ಲಿ ಯಾರೂ ಹೆಪ್ಪು ಹಾಕುವುದಿಲ್ಲ. ಬ್ಯಾಕ್ಟೀರಿಯಾ ಬರುವುದು ಧಾನ್ಯದಿಂದಲೇ, ಅದರಲ್ಲೂ ಉದ್ದಿನಿಂದ. ಮೊಸರಿಗೂ ಇಡ್ಲಿಗೂ ಇರುವ ದೊಡ್ಡ ವ್ಯತ್ಯಾಸ ಇದು.

ರುಬ್ಬುವುದು. ಉದ್ದನ್ನು ನುಣ್ಣಗೆ, ನೊರೆ ಬರುವಂತೆ ರುಬ್ಬಬೇಕು. ಅಕ್ಕಿ ರವೆ ರವೆಯಾಗಿರಬೇಕು. ಉದ್ದಿನ ಪ್ರೋಟೀನ್ ಗಾಳಿಗುಳ್ಳೆಯ ಸುತ್ತ ಪೊರೆ ಕಟ್ಟುತ್ತದೆ. ಅದರ ಅರಾಬಿನೊಗ್ಯಾಲಕ್ಟಾನ್ ಎಂಬ ಲೋಳೆಯಂಥ ಪಾಲಿಸ್ಯಾಕರೈಡ್ ಹಿಟ್ಟನ್ನು ದಪ್ಪವಾಗಿಸಿ ಆ ಪೊರೆ ಒಡೆಯದಂತೆ ನೋಡಿಕೊಳ್ಳುತ್ತದೆ. ಗೋಧಿಯಲ್ಲಿ ಗ್ಲುಟೆನ್ ಮಾಡುವ ಕೆಲಸವನ್ನು ಇಲ್ಲಿ ಇವೆರಡೂ ಸೇರಿ ಮಾಡುತ್ತವೆ. ಅಕ್ಕಿಹಿಟ್ಟನ್ನು ಒಂದೇ ಇಟ್ಟರೆ ಹುಳಿ ಬರಬಹುದು, ಆದರೆ ಗ್ಯಾಸ್ ಹಿಡಿದಿಡಲು ಅದರಲ್ಲಿ ಏನೂ ಇಲ್ಲ.

ಉಪ್ಪು ಮತ್ತು ಉಷ್ಣತೆ. ಶೇ. 1ರಷ್ಟು ಉಪ್ಪು ಹಾಕಿ 30 ಡಿಗ್ರಿ ಆಸುಪಾಸಿನಲ್ಲಿ ರಾತ್ರಿಯಿಡೀ ಇಡುತ್ತಾರೆ. 12ರಿಂದ 18 ಗಂಟೆ ಎಂದು ಬರೆದರೆ ಸರಿ. ಮಂಗಳೂರಿನ ಸೆಕೆಯಲ್ಲಿ ಬೇಗ, ಡಿಸೆಂಬರ್‌ನ ಮಡಿಕೇರಿಯಲ್ಲಿ ತಡ. ಬ್ಯಾಕ್ಟೀರಿಯಾ ಅದೇ, ವೇಗ ಬೇರೆ.

ಸರದಿ. ಮೊದಲು ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್ ಬೆಳೆಯುತ್ತದೆ. ಇದು ಹೆಟೆರೋಫರ್ಮೆಂಟೇಟಿವ್, ಗ್ಯಾಸ್ ಮತ್ತು ಆಸಿಡ್ ಎರಡನ್ನೂ ಕೊಡುತ್ತದೆ. ಅದರ ಜೊತೆಗೇ ಎಂಟೆರೋಕಾಕಸ್ ಫೀಕಾಲಿಸ್ ಬೆಳೆದು ಹುಳಿ ಹೆಚ್ಚಿಸುತ್ತದೆ. ಕೊನೆಯಲ್ಲಿ ಪೀಡಿಯೊಕಾಕಸ್ ಬರುತ್ತದೆ. ಈ ಕೊನೆಯ ಎರಡೂ ಹೋಮೋಫರ್ಮೆಂಟೇಟಿವ್, ಗ್ಯಾಸ್ ಕೊಡುವುದಿಲ್ಲ. ಪಿಎಚ್ 6ರ ಹತ್ತಿರದಿಂದ 4.5ರ ಆಸುಪಾಸಿಗೆ ಇಳಿಯುತ್ತದೆ.

ಸಕ್ಕರೆ ಎಲ್ಲಿಂದ ಎನ್ನುವುದನ್ನು ಮರೆಯಬೇಡಿ. ಅಕ್ಕಿಯ ಸ್ಟಾರ್ಚ್ ನೇರವಾಗಿ ಬಳಕೆಯಾಗುವುದು ತುಂಬಾ ಕಡಿಮೆ. ಧಾನ್ಯದಲ್ಲಿ ಮೊದಲೇ ಬಿಡಿಯಾಗಿರುವ ಸಕ್ಕರೆ, ಉದ್ದಿನ ಸುಕ್ರೋಸ್ ಮತ್ತು ರ‍್ಯಾಫಿನೋಸ್ ಬಳಗದ ಸಕ್ಕರೆಗಳೇ ಮುಖ್ಯ ಆಹಾರ. ಇಷ್ಟು ಕಡಿಮೆ ಸಕ್ಕರೆಯಿಂದ ಅಷ್ಟೊಂದು ಉಬ್ಬುವುದು ಹೇಗೆ? ಲೆಕ್ಕ ಮಾಡಿ. 180 ಗ್ರಾಂ ಗ್ಲೂಕೋಸ್‌ನಿಂದ ಒಂದು ಮೋಲ್ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. 30 ಡಿಗ್ರಿಯಲ್ಲಿ ಅದರ ಗಾತ್ರ ಸುಮಾರು 24.9 ಲೀಟರ್. ಅಂದರೆ ಒಂದೇ ಒಂದು ಗ್ರಾಂ ಸಕ್ಕರೆಯಿಂದ ಸುಮಾರು 138 ಮಿ.ಲೀ. ಗ್ಯಾಸ್. ಅದರಲ್ಲಿ ಸ್ವಲ್ಪ ಕರಗುತ್ತದೆ, ಸ್ವಲ್ಪ ತಪ್ಪಿಸಿಕೊಳ್ಳುತ್ತದೆ. ಆದರೂ ಹಿಟ್ಟು ಎತ್ತಲು ಬೇಕಾದಷ್ಟು ಉಳಿಯುತ್ತದೆ.

ಕಣ್ಣಾರೆ ನೋಡುವುದು. ಗೆರೆ ಹಾಕಿದ ಗಾಜಿನ ಜಾಡಿಗೆ 200 ಮಿ.ಲೀ. ಹಿಟ್ಟು ಹಾಕಿ. ಜಾಡಿ ಅದರ ಮೂರರಷ್ಟಾದರೂ ದೊಡ್ಡದಿರಲಿ. ಎರಡು ಗಂಟೆಗೊಮ್ಮೆ ಎತ್ತರ ಬರೆದುಕೊಳ್ಳಿ, ಪಿಎಚ್ ಪೇಪರ್ ಮುಟ್ಟಿಸಿ. ಶುರುವಿನ ಕೆಲವು ಗಂಟೆ ಏನೂ ಆಗದಂತೆ ಕಾಣುತ್ತದೆ. ಆಮೇಲೆ ಗಾಜಿನ ಗೋಡೆಗೆ ಅಂಟಿ ಸಾಸಿವೆಯಷ್ಟು ಗುಳ್ಳೆಗಳು ಕಾಣಿಸುತ್ತವೆ, ಹಿಟ್ಟು ಏರಲು ಶುರುವಾಗುತ್ತದೆ. ಎತ್ತರ ಒಂದು ಮಟ್ಟಕ್ಕೆ ಬಂದು ನಿಂತ ಮೇಲೂ ಪಿಎಚ್ ಇಳಿಯುವುದು ನಿಲ್ಲುವುದಿಲ್ಲ. ಇನ್ನೂ ಬಿಟ್ಟರೆ ಗುಳ್ಳೆಗಳು ಒಂದರೊಳಗೊಂದು ಸೇರಿ ದೊಡ್ಡದಾಗುತ್ತವೆ, ನಡುಭಾಗ ಕುಸಿಯುತ್ತದೆ, ಹುಳಿ ಮಾತ್ರ ಹೆಚ್ಚುತ್ತಲೇ ಇರುತ್ತದೆ. ಉಬ್ಬುವುದು ಮತ್ತು ಹುಳಿಯಾಗುವುದು ಎರಡು ಬೇರೆ ಗೆರೆಗಳು. ಗ್ರಾಫ್ ಕೇಳಿದರೆ ಎರಡನ್ನೂ ಒಂದೇ ಚಿತ್ರದಲ್ಲಿ ಬೇರೆ ಬೇರೆ ಎಳೆಯಿರಿ.

ಎಲ್ಲಿ ಕೆಟ್ಟಿತು ಎಂದು ತಿಳಿಯುವುದು. ಹುಳಿ ಬಂದಿದೆ, ಆದರೆ ಉಬ್ಬಿಲ್ಲ ಎಂದರೆ ಮೊದಲು ನೊರೆಯನ್ನು ಅನುಮಾನಿಸಿ. ಉದ್ದು ಹಳೆಯದಿರಬಹುದು, ಕಡಿಮೆಯಾಗಿರಬಹುದು, ಸರಿಯಾಗಿ ರುಬ್ಬಿಲ್ಲದಿರಬಹುದು, ಹಿಟ್ಟು ನೀರಾಗಿರಬಹುದು. ಹುಳಿಯೂ ಇಲ್ಲ, ಉಬ್ಬೂ ಇಲ್ಲ ಎಂದರೆ ಬ್ಯಾಕ್ಟೀರಿಯಾ ಬೆಳೆದೇ ಇಲ್ಲ. ಚಳಿ, ಹೆಚ್ಚಿದ ಉಪ್ಪು, ಅಥವಾ ರುಬ್ಬುವಾಗ ಅತಿಯಾಗಿ ಕಾದ ಹಿಟ್ಟು ಕಾರಣವಾಗಿರಬಹುದು. ಚೆನ್ನಾಗಿ ಉಬ್ಬಿದ ಹಿಟ್ಟಿನ ಇಡ್ಲಿ ಗಟ್ಟಿಯಾದರೆ ತಟ್ಟೆಗೆ ಹಾಕುವ ಮುಂಚೆ ಜೋರಾಗಿ ಕಲಸಿ ಗ್ಯಾಸ್ ಬಿಟ್ಟಿದ್ದಾರೆ ಎಂದರ್ಥ. ಅಡುಗೆ ಸೋಡಾ ಹಾಕಿದರೂ ಹಿಟ್ಟು ಉಬ್ಬುತ್ತದೆ ನಿಜ, ಆದರೆ ಅದು ಹುದುಗುವಿಕೆ ಅಲ್ಲ. ಹಿಟ್ಟಿನ ಆಸಿಡ್ ಜೊತೆ ಸೋಡಾ ಸೇರಿ ಹೊರಬರುವ ಗ್ಯಾಸ್ ಅದು.

ಬಣ್ಣದ ಬೂಸ್ಟು, ಗುಲಾಬಿ ಕಲೆ, ಕೊಳೆತ ವಾಸನೆ ಕಂಡರೆ ಹಿಟ್ಟನ್ನು ಎಸೆಯಿರಿ. ಹಬೆಯಲ್ಲಿ ಬೇಯಿಸಿದರೆ ಜೀವಿ ಸಾಯಬಹುದು, ಬೂಸ್ಟಿನ ವಿಷ ಹೋಗುತ್ತದೆ ಎಂದು ನಂಬುವಂತಿಲ್ಲ.

## ಹಂತ 6: ಉಪ್ಪಿನಕಾಯಿ, ಅಂದರೆ ಉಪ್ಪು ಆರಿಸುವ ಬ್ಯಾಕ್ಟೀರಿಯಾ

ಮೊದಲೇ ಒಂದು ಮಾತು ಸ್ಪಷ್ಟವಾಗಿ ಬರೆಯಿರಿ: ಎಲ್ಲ ಉಪ್ಪಿನಕಾಯಿಯೂ ಹುದುಗಿದ್ದಲ್ಲ. ಮಲೆನಾಡಿನ ಮಿಡಿ ಉಪ್ಪಿನಕಾಯಿಗೆ ಹಾಕುವ ಉಪ್ಪು ತುಂಬಾ ಜಾಸ್ತಿ. ಮಿಡಿ ಸುಕ್ಕುಗಟ್ಟಿ, ಬಿಟ್ಟ ನೀರೆಲ್ಲ ಗಾಢ ಉಪ್ಪುನೀರಾಗುತ್ತದೆ. ಅಂಥ ಕಡೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಕ್ಕೂ ಬೆಳೆಯಲು ಕಷ್ಟ. ಅದನ್ನು ಕಾಪಾಡುವುದು ಮುಖ್ಯವಾಗಿ ಉಪ್ಪು ಮತ್ತು ಮಾವಿನದೇ ಹುಳಿ. ನಿಂಬೆಕಾಯಿಗೆ ಸಿಟ್ರಿಕ್ ಆಸಿಡ್ ಇದೆ. ವಿನೆಗರ್ ಉಪ್ಪಿನಕಾಯಿಗೆ ಹೊರಗಿನಿಂದ ಅಸಿಟಿಕ್ ಆಸಿಡ್ ಹಾಕುತ್ತಾರೆ. ಲ್ಯಾಕ್ಟಿಕ್ ಹುದುಗುವಿಕೆಗೆ ಉದಾಹರಣೆ ಕೊಡುವಾಗ ಕಡಿಮೆ ಉಪ್ಪಿನಲ್ಲಿ ಇಟ್ಟ ಎಲೆಕೋಸು ಅಥವಾ ಉಪ್ಪುನೀರಿನ ಸೌತೆಕಾಯಿ ಬರೆಯಿರಿ.

ಎಲೆಕೋಸಿನ ಕ್ರಮ ಹೀಗೆ. ಒಂದು ಕಿಲೋ ಕೋಸನ್ನು ಸಣ್ಣಗೆ ಹೆಚ್ಚಿ 22ರಿಂದ 25 ಗ್ರಾಂ ಉಪ್ಪು ತೂಗಿ ಬೆರೆಸಿ. ಚಮಚದ ಲೆಕ್ಕ ಬೇಡ. ಪುಡಿ ಉಪ್ಪು ಮತ್ತು ಕಲ್ಲುಪ್ಪಿನ ತೂಕ ಒಂದೇ ಚಮಚದಲ್ಲಿ ಬೇರೆ ಬೇರೆ ಇರುತ್ತದೆ. ಕೋಸನ್ನು ಬಿಸಿನೀರಿಗೆ ಹಾಕಬೇಡಿ, ಅದರ ಮೇಲಿರುವ ಬ್ಯಾಕ್ಟೀರಿಯಾವೇ ನಮಗೆ ಬೇಕಾದದ್ದು. ಕೈಯಲ್ಲಿ ಹಿಸುಕಿ ಭರಣಿಗೆ ಒತ್ತಿ ತುಂಬಿ. ಅದರದ್ದೇ ನೀರು ಮೇಲೆ ಬರಬೇಕು. ಮೇಲೆ ಭಾರ ಇಟ್ಟು, ಒಂದು ತುಂಡೂ ನೀರಿನ ಮೇಲೆ ತೇಲದಂತೆ ನೋಡಿಕೊಳ್ಳಿ. ಮುಚ್ಚಳ ಬಿಗಿಯಾಗಿದ್ದರೆ ಶುರುವಿನ ದಿನಗಳಲ್ಲಿ ಆಗಾಗ ಗ್ಯಾಸ್ ಬಿಡಿ.

ಉಪ್ಪಿನ ಕೆಲಸ ಮೂರು. ಕೋಶದಿಂದ ನೀರು ಮತ್ತು ಸಕ್ಕರೆಯನ್ನು ಹೊರಗೆಳೆಯುತ್ತದೆ. ಕೊಳೆಸುವ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ತರಕಾರಿ ಮೆತ್ತಗಾಗದಂತೆ ಕಾಪಾಡುತ್ತದೆ. ಉಪ್ಪುನೀರು ಹಾಕುವಾಗ ಒಂದು ಲೆಕ್ಕ ತಪ್ಪುತ್ತದೆ. ಸೌತೆಕಾಯಿಯ ಬಹುಪಾಲು ನೀರೇ. ಒಂದು ಕಿಲೋ ಸೌತೆಗೆ ಶೇ. 5ರ ಉಪ್ಪುನೀರನ್ನು ಒಂದು ಕಿಲೋ ಹಾಕಿದರೆ ಕೆಲವು ದಿನಗಳಲ್ಲಿ ಅದು ಸುಮಾರು ಶೇ. 2.5ಕ್ಕೆ ಇಳಿಯುತ್ತದೆ. ಪ್ರಶ್ನೆ ಕೊನೆಯ ಉಪ್ಪಿನ ಪ್ರಮಾಣ ಕೇಳಿದೆಯೋ, ಹಾಕಿದ ಉಪ್ಪುನೀರಿನ ಪ್ರಮಾಣ ಕೇಳಿದೆಯೋ ನೋಡಿಕೊಳ್ಳಿ.

ಸರದಿ ಇಲ್ಲಿಯೂ ಇದೆ. ಮೊದಲು ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್. ಅದು ಬಿಡುವ ಕಾರ್ಬನ್ ಡೈಆಕ್ಸೈಡ್ ಭರಣಿಯೊಳಗಿನ ಗಾಳಿಯನ್ನು ಹೊರಗೆ ತಳ್ಳುತ್ತದೆ. ಆಸಿಡ್ ಶೇ. 0.7ರಿಂದ 1ರ ಹತ್ತಿರ ಬಂದಾಗ ಅದಕ್ಕೇ ಬದುಕುವುದು ಕಷ್ಟವಾಗುತ್ತದೆ. ಆಮೇಲೆ ಲ್ಯಾಕ್ಟೋಬ್ಯಾಸಿಲಸ್ ಬ್ರೆವಿಸ್ ಮತ್ತು ಪೀಡಿಯೊಕಾಕಸ್. ಕೊನೆಗೆ ಹುಳಿಯನ್ನು ಚೆನ್ನಾಗಿ ತಡೆಯುವ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಬಂದು ಶೇ. 1.5ರಿಂದ 2ರವರೆಗೆ ಒಯ್ಯುತ್ತದೆ. ಪ್ರತಿಯೊಂದೂ ತಾನು ಮಾಡಿದ ಆಸಿಡ್‌ನಿಂದಲೇ ತನ್ನ ಜಾಗವನ್ನು ಮುಂದಿನದಕ್ಕೆ ಬಿಟ್ಟುಕೊಡುತ್ತದೆ ಎಂದು ಬರೆದರೆ ಸರದಿಯ ಕಾರಣ ಹೇಳಿದಂತಾಯಿತು. ಬರೀ ಹೆಸರಿನ ಪಟ್ಟಿಗೆ ಅಷ್ಟು ಅಂಕ ಬರುವುದಿಲ್ಲ. ಪುಸ್ತಕಗಳು ಕೋಸಿಗೆ 18ರಿಂದ 21 ಡಿಗ್ರಿ ಹೇಳುತ್ತವೆ. ನಮ್ಮ ಬೇಸಿಗೆಯಲ್ಲಿ ಮೊದಲ ಹಂತ ಬೇಗ ಮುಗಿದು ಪ್ಲಾಂಟಾರಮ್ ಬೇಗ ಮೇಲುಗೈ ಪಡೆಯುತ್ತದೆ. ಹುಳಿ ಬರುತ್ತದೆ, ಪರಿಮಳ ಕಡಿಮೆ.

ಪಿಎಚ್ 4.6ರ ಅಂಕೆ ಇಲ್ಲಿ ಮತ್ತೆ ಬರುತ್ತದೆ, ಆದರೆ ಬೇರೆ ಕಾರಣಕ್ಕೆ. ಮೊಸರಿನಲ್ಲಿ ಅದು ಕೇಸೀನ್‌ನ ಐಸೋಎಲೆಕ್ಟ್ರಿಕ್ ಬಿಂದು. ಉಪ್ಪಿನಕಾಯಿಯಲ್ಲಿ ಅದು ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಬೆಳೆಯದಂತೆ ತಡೆಯುವ ಗಡಿ, ಅದಕ್ಕಿಂತ ಕೆಳಗೆ ಇರಬೇಕು. ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಬೇಡಿ.

ಕೆಟ್ಟಿದ್ದನ್ನು ಗುರುತಿಸುವುದು ಹೀಗೆ. ತರಕಾರಿ ಮೆತ್ತಗಾದರೆ ಬೂಸ್ಟು ಅಥವಾ ಯೀಸ್ಟ್‌ನ ಪೆಕ್ಟಿನ್ ಒಡೆಯುವ ಎನ್‌ಜೈಮ್ ಕೆಲಸ ಮಾಡಿದೆ. ಗುಲಾಬಿ ಬಣ್ಣ ಬಂದರೆ ಉಪ್ಪು ಒಂದೆಡೆ ಹೆಚ್ಚಾಗಿ ಸೇರಿ ಬಣ್ಣದ ಯೀಸ್ಟ್ ಬೆಳೆದಿದೆ. ಸೌತೆಯ ಒಳಗೆ ಟೊಳ್ಳಾದರೆ ಕಾರ್ಬನ್ ಡೈಆಕ್ಸೈಡ್ ಒಳಗೆ ಸಿಕ್ಕಿಕೊಂಡಿದೆ. ನೀರಿನ ಮೇಲೆ ಬಿಳಿ ತೆಳು ಪದರ ಕಂಡರೆ ಅದನ್ನು ಸಣ್ಣ ವಿಷಯ ಎಂದು ಬಿಡಬೇಡಿ. ಆ ಯೀಸ್ಟ್ ಗಾಳಿ ಬಳಸಿ ಲ್ಯಾಕ್ಟಿಕ್ ಆಸಿಡ್ ಅನ್ನೇ ತಿನ್ನುತ್ತದೆ. ಆಸಿಡ್ ಕಡಿಮೆಯಾಗಿ ಪಿಎಚ್ ಏರಿದರೆ ಅಲ್ಲಿಯವರೆಗೆ ಸುಮ್ಮನಿದ್ದ ಬೇರೆ ಬ್ಯಾಕ್ಟೀರಿಯಾಗಳಿಗೆ ದಾರಿ ಸಿಗುತ್ತದೆ.

## ಹಂತ 7: ಹತ್ತು ಅಂಕದ ಉತ್ತರದಲ್ಲಿ ಜೋಡಿಸುವುದು

ಮೂರನ್ನೂ ಕೇಳಿದ್ದರೆ ಹುದುಗುವಿಕೆಯ ಅರ್ಥ, ಎರಡು ಸಮೀಕರಣಗಳಿಗೆ ಮೊದಲ ಅರ್ಧ ಪುಟ ಕೊಡಿ. ಆಮೇಲೆ ಪ್ರತಿ ಪದಾರ್ಥಕ್ಕೂ ನಾಲ್ಕು ವಿಷಯಗಳ ಕ್ರಮ ಹಿಡಿಯಿರಿ. ಇಡ್ಲಿಯನ್ನು ಈ ಕ್ರಮದಲ್ಲಿ ಬರೆದರೆ ಹೀಗಿರುತ್ತದೆ: "ಇಡ್ಲಿ ಹಿಟ್ಟಿನಲ್ಲಿ ಅಕ್ಕಿ ಮತ್ತು ಉದ್ದಿನ ಬಿಡಿ ಸಕ್ಕರೆಗಳು ಆಹಾರವಾಗುತ್ತವೆ. ಹೊರಗಿನ ಹೆಪ್ಪು ಇಲ್ಲ, ಬ್ಯಾಕ್ಟೀರಿಯಾ ಧಾನ್ಯದಿಂದಲೇ ಬರುತ್ತವೆ. ಹೆಟೆರೋಫರ್ಮೆಂಟೇಟಿವ್ ಆದ ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್ ಫಾಸ್ಫೋಕೀಟೊಲೇಸ್ ದಾರಿಯಲ್ಲಿ ಲ್ಯಾಕ್ಟಿಕ್ ಆಸಿಡ್, ಎಥನಾಲ್, ಕಾರ್ಬನ್ ಡೈಆಕ್ಸೈಡ್ ಕೊಡುತ್ತದೆ. ಉದ್ದಿನ ಪ್ರೋಟೀನ್ ಮತ್ತು ಅರಾಬಿನೊಗ್ಯಾಲಕ್ಟಾನ್ ಈ ಗ್ಯಾಸ್ ಅನ್ನು ನೊರೆಯಾಗಿ ಹಿಡಿಯುತ್ತವೆ, ಹಬೆಯಲ್ಲಿ ಸ್ಟಾರ್ಚ್ ಮತ್ತು ಪ್ರೋಟೀನ್ ಗಟ್ಟಿಯಾಗಿ ಆ ರಂಧ್ರಗಳು ಹಾಗೇ ನಿಲ್ಲುತ್ತವೆ." ನಾಲ್ಕೇ ವಾಕ್ಯ. ಇದರ ಕೆಳಗೆ ಸರದಿ, ಪಿಎಚ್, ಗ್ರಾಫ್ ಸೇರಿಸಿ.

ಹೆಸರು ಬರೆಯುವಾಗ ಎಚ್ಚರ. ಇಂಗ್ಲಿಷ್ ಲಿಪಿಯಲ್ಲಿ ಕುಲದ ಹೆಸರಿನ ಮೊದಲ ಅಕ್ಷರ ದೊಡ್ಡದು, ಪ್ರಭೇದದ್ದು ಸಣ್ಣದು, ಎರಡಕ್ಕೂ ಬೇರೆ ಬೇರೆ ಅಡಿಗೆರೆ. 2020ರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕುಲವನ್ನು ಹಲವು ಕುಲಗಳಾಗಿ ಒಡೆದರು. ಪ್ಲಾಂಟಾರಮ್ ಈಗ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್, ಬ್ರೆವಿಸ್ ಈಗ ಲೆವಿಲ್ಯಾಕ್ಟೋಬ್ಯಾಸಿಲಸ್. ಮೊಸರಿನ ಡೆಲ್‌ಬ್ರೂಕಿ ಮಾತ್ರ ಹಳೆಯ ಕುಲದಲ್ಲೇ ಉಳಿದಿದೆ. ಹಳೆಯ ಪುಸ್ತಕದಲ್ಲಿ ಸ್ಟ್ರೆಪ್ಟೋಕಾಕಸ್ ಫೀಕಾಲಿಸ್ ಎಂದಿರುವುದು ಇಂದಿನ ಎಂಟೆರೋಕಾಕಸ್ ಫೀಕಾಲಿಸ್. ಹೊಸ ಹೆಸರು ಬರೆದು ಪಕ್ಕದಲ್ಲಿ "ಹಿಂದಿನ ಹೆಸರು" ಎಂದು ಹಳೆಯದನ್ನೂ ಒಮ್ಮೆ ಬರೆಯಿರಿ. ತಿದ್ದುವವರು ಯಾವ ಪುಸ್ತಕ ಓದಿದ್ದರೂ ಆಗ ಗೊಂದಲ ಇರುವುದಿಲ್ಲ.